ಉಗುರಗಲದ ಚಿತ್ರ

ಅಕ್ಕ ಫೋನ್ ಮಾಡಿ ಹೂಕೋಸಿನ ಬೆಳೆಯನ್ನು ಹೊಗಳಿದ ದಿನ ಗಡಿಯಾರ ರಿಪೇರಿಯವರಿಗೆ ಊಟ ಸೇರಲಿಲ್ಲ.

"ಗೊಬ್ಬರ ಹಾಕೋದು ಎಷ್ಟ್ ಚೆನ್ನಾಗಿ ಹೇಳ್ಕೊಟ್ಟೆ ಕಣೋ! ವಿಡಿಯೋದಲ್ಲಿ ದನಿ ಮಾತ್ರ ಒಡೆದಿದೆ. ಬಿಸಿನೀರು ಕುಡಿ."

ಅವರು ಜನ್ಮದಲ್ಲಿ ಒಂದು ಗಿಡ ನೆಟ್ಟವರಲ್ಲ. ವಾರಕ್ಕೊಂದು ಹಳೆಯ ಗಡಿಯಾರ ಬಿಚ್ಚಿ, ಜೋಡಿಸಿ, ಅದರ ವಿಡಿಯೋ ಹಾಕುತ್ತಿದ್ದರು. ನೋಡುಗರು ನಲವತ್ತೊಂದು ಜನ. ಅವರ ಲೆಕ್ಕದಲ್ಲಿ ಒಬ್ಬಳೇ, ಅಕ್ಕ. ಆ ಒಬ್ಬಳ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಇನ್ನೂ ಎರಡು ತಿಂಗಳಿತ್ತು, ಫೋನು ಅಂಗೈಗಿಂತ ಚಿಕ್ಕದು. ಲಿಂಕ್ ಕಳಿಸಿದರೆ ಅದು ಇನ್ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತಿತ್ತು. ಒಂದೊಂದು ವಿಡಿಯೋದ ಮುಖಚಿತ್ರವಾಗಿ ಸಾಲಾಗಿ ಕಾಣುವ ಉಗುರಗಲದ ಚಿತ್ರಗಳಲ್ಲಿ ಒಂದನ್ನು ಒತ್ತಿ, ಬಂದವನನ್ನೇ ತಮ್ಮ ಎಂದುಕೊಳ್ಳುತ್ತಿದ್ದಳು.

ಆ ಉಗುರಗಲದ ಚಿತ್ರ ಮಾಡುವುದೇ ಗಡಿಯಾರದವರ ಮಗಳ ಉದ್ಯೋಗ. ಏನು ಬೇಕೆಂದು ಅವಳು ವಾಕ್ಯದಲ್ಲಿ ಬರೆಯುತ್ತಾಳೆ, ಕಂಪ್ಯೂಟರಿನ ಎಐ ಯಂತ್ರ ಅದನ್ನು ಬಿಡಿಸುತ್ತದೆ. ಕುಸ್ತಿಯವರಿಗೆ, ತೆರಿಗೆ ಸಲಹೆಯವರಿಗೆ, ಯಾರ್ಯಾರಿಗೋ ಮಾಡಿಕೊಟ್ಟಿದ್ದಳು. ಅಪ್ಪ ಕೇಳಿರಲಿಲ್ಲ, ಅವಳೂ ಮಾಡಿರಲಿಲ್ಲ. ಅವರದು ಸ್ವಂತ ಕಲೆ: ಇಡೀ ಅಂಗಡಿ, ಹನ್ನೆರಡು ಗಡಿಯಾರ, ಮೂಲೆಯಲ್ಲಿ ತಾವು, ಕಂದು ಗೋಡೆಯ ಮೇಲೆ ಕೆಂಪು ಅಕ್ಷರ.

"ಇದು ಚಿತ್ರ ಅಲ್ಲ ಅಪ್ಪ, ಸಂತೆ," ಎಂದಳು.

"ಹಾಗಾದ್ರೆ ಒಂದೇ ಗಡಿಯಾರ ಇರ್ಲಿ. ಹಿಂದೆ ಬೇರೆ ಗಡಿಯಾರ ಇರಬಾರದು ಅಂತ ಬರಿ."

ವಿವರಿಸುವುದಕ್ಕಿಂತ ತೋರಿಸುವುದು ಸುಲಭವೆಂದು ಅವಳು ಹಾಗೇ ಬರೆದಳು. ಹಿಂದೆ ಐದು ಗಡಿಯಾರ ಬಂದವು.

"ಇದಕ್ಕೆ ಬೇಡ ಅಂದಿದ್ದೇ ಕಿವಿಗೆ ಬೀಳುತ್ತೆ. ಬೇಕಾದ್ದನ್ನಷ್ಟೇ ಹೇಳ್ಬೇಕು."

"ನಿಮ್ಮಮ್ಮನ ಕಡೆಯವರ ಥರ."

ಅವಳು ಮತ್ತೆ ಬರೆದಳು: ಒಂದೇ ಒಂದು ದುಂಡು ಹಿತ್ತಾಳೆ ಗಡಿಯಾರ, ಚೌಕಟ್ಟಿನ ಮುಕ್ಕಾಲು ಪಾಲು ತುಂಬಿರಲಿ, ಹಿಂದೆ ಸಾದಾ ಕಡುನೀಲಿ, ಒಂದು ಬದಿಯಿಂದ ಪ್ರಖರ ಬೆಳಕು, ಬಲಗಡೆ ಕೆಳಮೂಲೆ ಖಾಲಿ. ವಿಡಿಯೋದ ಅವಧಿಯ ಅಂಕಿ ಬಂದು ಕೂರುವುದು ಆ ಮೂಲೆಯಲ್ಲೇ. ಪೊರೆಯ ಕಣ್ಣಿಗೆ ಕಂಡೀತೇ ಎಂದು ಪರೀಕ್ಷಿಸಲು ಬಂದ ಚಿತ್ರವನ್ನು ಉಗುರಗಲಕ್ಕೆ ಕುಗ್ಗಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಬೇರೆ ಚಿತ್ರಗಳ ನಡುವೆ ಇಟ್ಟು ಕಣ್ಣು ಕಿರಿದುಮಾಡಿ ನೋಡಿದಳು. ಎದ್ದು ಕಾಣುತ್ತಿತ್ತು.

ವಿಡಿಯೋ ಹಾಕಿದರು. ಮರುದಿನ ಅಕ್ಕನ ಫೋನು.

"ಸೈಕಲ್ ಚಕ್ರ ಬಿಚ್ಚೋದು ಯಾವಾಗ ಕಲಿತ್ಯೋ?"

ಅವರು ಫೋನಿಟ್ಟು ಭೂತಗನ್ನಡಿಯನ್ನು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. "ಬಿಡಮ್ಮಾ. ಅವಳಿಗೆ ನಾನು ಅಂತ ಗೊತ್ತಾಗೋಕೆ ನನ್ನಲ್ಲಿ ಏನಿದೆ? ದುಂಡಗಿರೋದು ಊರ ತುಂಬಾ ಇದೆ."

ಮಗಳ ಕಣ್ಣು ಅವರ ಎಡಗೈಯ ಮೇಲೆ ನಿಂತಿತು. ಕಿರುಬೆರಳು ಕೊಕ್ಕೆಯಂತೆ ಹೊರಕ್ಕೆ ಬಾಗಿತ್ತು. ಸೈಕಲ್ಲಿಂದ ಬಿದ್ದದ್ದು ಎಂದು ಅವಳು ಚಿಕ್ಕಂದಿನಿಂದ ಕೇಳಿದ್ದಳು.

"ಅತ್ತೆಗೆ ಆ ಬೆರಳು ಗೊತ್ತಲ್ವಾ?"

ಅವರು ಭೂತಗನ್ನಡಿಯನ್ನು ಕೆಳಗಿಟ್ಟರು. "ಗೊತ್ತಿಲ್ಲದೆ ಏನು? ಬೆರಳ ಮೇಲೆ ಬಾಗಿಲು ಹಾಕಿದ್ದು ಅವಳೇ. ನನಗಾಗ ಆರು ವರ್ಷ. ಅವಳಿಗೆ ಏಟು ಬೀಳುತ್ತೆ ಅಂತ ಸೈಕಲ್ ಅಂದೆ."

"ಐವತ್ತೆಂಟು ವರ್ಷದಿಂದ?"

"ಒಂದ್ಸಲ ಹೇಳಿದ್ಮೇಲೆ ಬದಲಾಯಿಸೋದು ಹೇಗೆ?"

ಹೊಸ ವಾಕ್ಯದಲ್ಲಿ ಗಡಿಯಾರ ಹೋಗಿ ಕೈ ಬಂತು: ಹಲ್ಲುಚಕ್ರ ಹಿಡಿದ ಒಂದು ಮುದಿ ಎಡಗೈ, ಕಿರುಬೆರಳು ಹೊರಕ್ಕೆ ಬಾಗಿರಲಿ. ಯಂತ್ರ ಸೊಗಸಾದ ಕೈಯೊಂದನ್ನು ಬಿಡಿಸಿತು. ಬೆರಳು ಮಾತ್ರ ಬಾಣದಂತೆ ನೆಟ್ಟಗಿತ್ತು. ಇನ್ನಷ್ಟು ಒತ್ತಿ ಹೇಳಿದಳು, ಆಗಲೂ ನೆಟ್ಟಗೆ.

"ಪರವಾಗಿಲ್ವೇ," ಎಂದರು ಅಪ್ಪ, "ಇದನ್ನ ನೆಟ್ಟಗೆ ಮಾಡೋಕೆ ಆಸ್ಪತ್ರೆಯವರಿಗೂ ಆಗ್ಲಿಲ್ಲ."

ಅವಳು ಸ್ಟೂಲು ಎಳೆದು, ಕಿಟಕಿಯ ಬಿಸಿಲಿನಲ್ಲಿ ಅವರ ಕೈ ಹಿಡಿದು ಕೂರಿಸಿ, ಎಡಗೈಗೆ ಹಲ್ಲುಚಕ್ರ ಕೊಟ್ಟು ಫೋಟೋ ತೆಗೆದಳು. ಅದನ್ನೇ ಯಂತ್ರಕ್ಕೆ ಕೊಟ್ಟು ಬರೆದಳು: ಈ ಕೈಯ ಆಕಾರ ಇದ್ದ ಹಾಗೇ ಇರಲಿ, ಹಿನ್ನೆಲೆ ಮಾತ್ರ ಕಡುನೀಲಿಯಾಗಲಿ, ಅಂಚಿನ ಬೆಳಕು ಹೆಚ್ಚಲಿ. ಅಕ್ಷರ ಒಂದೂ ಹಾಕಲಿಲ್ಲ; ಅತ್ತೆ ಓದಲಾರಳು. ಕುಗ್ಗಿಸಿದಾಗ ಸುಕ್ಕು ಹೋಯಿತು, ಚಕ್ರದ ಹಲ್ಲು ಹೋಯಿತು, ಕೊಕ್ಕೆ ಉಳಿಯಿತು.

ಹೊಸ ವಿಡಿಯೋ ಹಾಕಿ ಎರಡು ದಿನವಾದರೂ ಅಕ್ಕನ ಫೋನು ಬರಲಿಲ್ಲ. ಅವರು ಒಂದೇ ಗಡಿಯಾರವನ್ನು ಎರಡು ಸಲ ಬಿಚ್ಚಿದರು. ಮೂರನೆಯ ದಿನ ಬಂತು. ಆ ಕಡೆ ಕೆಮ್ಮು, ಮತ್ತೆ ಕೆಮ್ಮು.

"ಅದು ಇನ್ನೂ ಹಾಗೇ ಇದೆಯೇನೋ?"

"ಯಾವುದಕ್ಕಾ?"

"ಯಾವುದಂತೆ! ಚಳಿಗೆ ನೋಯುತ್ತಾ?"

"ಇಲ್ಲಕ್ಕಾ. ಚಕ್ರ ಹಿಡಿಯೋಕೆ ಅನುಕೂಲ."

ಅಕ್ಕ ಸ್ವಲ್ಪ ಅತ್ತಿರಬೇಕು; ಅದು ಮೂಗಿನ ಸದ್ದಿನಲ್ಲಿ ಮುಗಿಯಿತು. ಆಮೇಲೆ ಗಡಿಯಾರದ ಸ್ಪ್ರಿಂಗ್ ಬಗ್ಗೆ ಸರಿಯಾದ ಪ್ರಶ್ನೆಯೊಂದನ್ನೇ ಕೇಳಿದಳು. ಕೊನೆಗೆ ಹೇಳಿದಳು:

"ಆ ಹೂಕೋಸಿನವನು ಯಾರೋ, ಪಾಪ. ಸಿಕ್ಕಿದ್ರೆ ಬಿಸಿನೀರು ಕುಡಿಯೋಕೆ ಹೇಳು."