ಮೂರು ನಿಮಿಷದ ದಾಸೋಹ

ಆದರೆ ‘ನಾನು ಕೊಟ್ಟೆ’ ಎಂಬ ಭಾವ ಅಳಿಯಬೇಕು ಅನ್ನುವುದನ್ನು ನಾಲ್ಕು ವರ್ಷದ ಕೂಸಿಗೆ ಹೇಳುವುದು ಹೇಗೆ? ಹೇಗೋ ಹೇಳಿದರೂ, ಅದರ ಪಕ್ಕದಲ್ಲೇ ಕೂತ ಹತ್ತನೆಯ ಕ್ಲಾಸಿನ ಹುಡುಗಿ ಆಕಳಿಸದ ಹಾಗೆ ಹೇಳುವುದು ಹೇಗೆ? ಹುಡುಗಿಗೆ ತಿಳಿಯುವಂತೆ ಹೇಳಿದರೆ ಕೂಸು ಎದ್ದು ಓಡುತ್ತದೆ. ಕೂಸಿಗೆ ತಿಳಿಯುವಂತೆ ಹೇಳಿದರೆ ಹುಡುಗಿ ತನ್ನನ್ನು ಕೂಸು ಮಾಡಿದರೆಂದು ಮುಖ ತಿರುವುತ್ತಾಳೆ. ಅಷ್ಟಕ್ಕೂ ಇದನ್ನೆಲ್ಲ ಮೂರು ನಿಮಿಷದಲ್ಲಿ ಹೇಳಬಹುದಾಗಿದ್ದರೆ ಅಯ್ಯನವರು ಅರವತ್ತು ಪುಟ ಯಾಕೆ ಬರೆಯುತ್ತಿದ್ದರು?

ಬಾಲಾನಗರದಿಂದ ಮೆಹದಿಪಟ್ಟಣಂಗೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ ಪರಮೇಶನಿಗೆ ಈ ಪ್ರಶ್ನೆ ಎರಡು ದಿನದಿಂದ ಬೆನ್ನು ಬಿಟ್ಟಿರಲಿಲ್ಲ. ಗುಲಬರ್ಗಾದಲ್ಲಿ ತತ್ವಶಾಸ್ತ್ರ ಓದಿ, ತೆಲುಗಿನ ಈ ದೊಡ್ಡ ಶಹರದಲ್ಲಿ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಲೆಕ್ಕ ಇಡುವವನು ಅವನು. ಮಾತು ಕಡಿಮೆ. ಅವನಿಗಿದ್ದ ಗೆಳೆತನ ಒಂದೇ, ಎಪ್ಪತ್ತು ದಾಟಿದ ಅಮರಯ್ಯನವರದು. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಯ್ಯನವರು ವಚನಗಳ ಮೇಲೆ ದೊಡ್ಡದೊಂದು ವ್ಯಾಖ್ಯಾನ ಬರೆದಿದ್ದರು. ಅಚ್ಚಾದ ಪ್ರತಿಗಳು ಅವರ ಮಂಚದ ಕೆಳಗೆ ಇನ್ನೂ ಕಟ್ಟು ಬಿಚ್ಚದೆ ಕೂತಿದ್ದವು. ಊರು ಬಿಟ್ಟು ಬಂದ ಕನ್ನಡದವರು ಐತವಾರ ಸೇರುವ ಕೂಟದಲ್ಲಿ ಊಟಕ್ಕೆ ಮುಂಚೆ ಅವರು ಅದರಿಂದ ಒಂದಿಷ್ಟು ಓದುತ್ತಿದ್ದರು. ವಾರವೆಲ್ಲ ಅವರು ಬದುಕಿರುತ್ತಿದ್ದುದು ಆ ಓದಿಗಾಗಿ.

ಈಗ ಅದಕ್ಕೂ ಕುತ್ತು ಬಂದಿತ್ತು. ಕೂಟದ ಕಾರ್ಯದರ್ಶಿ ಮಲ್ಲಣ್ಣ ಹೋದ ಐತವಾರ ಪರಮೇಶನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದ್ದರು.

“ನೋಡಪಾ, ಅಯ್ಯನವ್ರು ಪುಸ್ತಕ ತೆಗದ್ರಂದ್ರ ಹುಡುಗ್ರು ಓಡ್ತಾವು. ಹುಡುಗ್ರ ಹಿಂದ ತಾಯಂದ್ರು ಓಡ್ತಾರ. ತಾಯಂದ್ರ ಹಿಂದ ಗಂಡಂದ್ರು ಮೊಬೈಲ್ ಹಿಡ್ಕೊಂಡು ಹೊರಗ ಬರ್ತಾರ. ಕಡೀಗೆ ಉಳಿಯೋರು ಯಾರು? ನೀ, ಮತ್ತ ಗೋಡಿ.”

“ಹಂಗಂತ ನಿಲ್ಲಸ್ತೀರೇನ್ರಿ?”

“ನಾ ನಿಲ್ಲಸಂಗಿಲ್ಲ. ಒಂದು ಕೆಲಸ ಮಾಡು. ಓದಿಗೆ ಮದ್ಲು ಅದರಾಗಿಂದ ಹುಡುಗ್ರಿಗೆ ಮೂರು ನಿಮಿಷ ಏನರ ಹೇಳು. ಹುಡುಗ್ರು ಕುಂತ್ರ ಎಲ್ಲಾರೂ ಕುಂದರ್ತಾರ, ಓದು ಉಳೀತೈತಿ. ಇಲ್ಲಂದ್ರ ಭಜನಿ ಹಚ್ಚೂಣು.”

ಅಯ್ಯನವರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. “ಮೂರು ನಿಮಿಷದಾಗ ನನಗ ಗಂಟಲಾ ಸರಿ ಮಾಡ್ಕೊಳ್ಳಾಕ ಆಗಂಗಿಲ್ಲೋ ತಮ್ಮಾ!” ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, “ದಾಸೋಹದ ಅಧ್ಯಾಯ ತಗೋ. ಆದ್ರ ಯಾವುದೂ ಬಿಡಬ್ಯಾಡ,” ಎಂದರು.

ಪರಮೇಶ ಏನನ್ನೂ ಬಿಡದೆ ಬರೆದ. ದಾನಕ್ಕೂ ದಾಸೋಹಕ್ಕೂ ಇರುವ ಭೇದ, ಕಾಯಕದ ಸಂಬಂಧ, ಪ್ರಸಾದದ ತತ್ವ, ಒಂದೊಂದಕ್ಕೂ ಒಂದೊಂದು ಸಾಲು. ಓದಿಕೊಂಡು ನೋಡಿದರೆ ಎಂಟು ನಿಮಿಷ. ಅದನ್ನು ಮಲ್ಲಣ್ಣನವರ ಸೊಸೆ ವಿಜಯಶ್ರೀಗೆ ತೋರಿಸಿದ. ಆಕೆ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು.

“ಅಣ್ಣಾರ, ಇದು ಮಾತಲ್ರಿ, ಪುಸ್ತಕದ ಪರಿವಿಡಿ,” ಎಂದಳು ಆಕೆ. “ಹಂಡೇದಾಗಿನ ನೀರೆಲ್ಲಾ ಲೋಟಕ್ಕ ಸುರೀತೀನಿ ಅಂದ್ರ ಹ್ಯಾಂಗ? ಲೋಟ ಹಂಡೇದಾಗ ಮುಳುಗಸ್ರಿ. ಬಂದಷ್ಟು ಬರ್ಲಿ.”

“ಉಳಿದದ್ದು?”

“ಹಂಡೇದಾಗ ಇರ್ತೈತಿ. ಎಲ್ಲಿ ಹೊಕ್ಕೈತಿ?”

ಪೆನ್ನು ಇಸಿದುಕೊಂಡು ಆಕೆ ಒಂದೊಂದಾಗಿ ಹೊಡೆದು ಹಾಕಿದಳು. ಅಹಂಕಾರ, ನಿಸ್ವಾರ್ಥ, ಸಮರ್ಪಣ ಇವು ಯಾವುವೂ ಬೇಡ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳಿಗೆ ಆ ಶಬ್ದಗಳು ಕಲ್ಲು. ಒಂದೇ ವಿಷಯ, ಕೈಯಲ್ಲಿ ಹಿಡಿಯುವಂಥ ಒಂದೇ ವಸ್ತು. ಪ್ರಶ್ನೆಯೂ ಒಂದೇ, ಅದಕ್ಕೆ ಸಣ್ಣವರು ನಾಲಿಗೆಯಿಂದ ಉತ್ತರ ಕೊಡುವಂತಿರಬೇಕು, ದೊಡ್ಡವರು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗುವಂತಿರಬೇಕು. ದೊಡ್ಡವರಿಗೆ ಏನಾದರೂ ಕೆಲಸ ಹಚ್ಚಬೇಕು, ಆಗ ಅವರಿಗೆ ಅವಮಾನವಾಗುವುದಿಲ್ಲ. “ನಿಮಗೇನು ಅನಸ್ತೈತಿ ಅಂತ ಮಾತ್ರ ಕೇಳಬ್ಯಾಡ್ರಿ. ಒಬ್ಬ ತಮ್ಮ ಮನಿ ನಾಯಿ ಕಥಿ ಸುರು ಮಾಡ್ತಾನ, ಮುಗೀತು ನಿಮ್ಮ ಮೂರು ನಿಮಿಷ.”

“ಕಡೀಗೆ ಅರ್ಥ ಹೇಳಬೇಕಲ್ಲ?”

“ಹೇಳಬ್ಯಾಡ್ರಿ. ಒಂದು ಮಾತು ಹೇಳಿ ಎದ್ದು ಬಿಡ್ರಿ. ಅರ್ಥ ಹೇಳಿದ್ರ ಅವು ಅರ್ಥ ಮಾಡ್ಕೊಳ್ಳೂದು ಬಿಡ್ತಾವು.”

ಆ ಒಂದು ಮಾತಿಗಾಗಿ ಪರಮೇಶ ಅಧ್ಯಾಯವನ್ನು ಮತ್ತೆ ಮೊದಲಿಂದ ಓದಿದ. ಉದ್ದುದ್ದ ವಾಕ್ಯಗಳ ನಡುವೆ, ಒಂದು ಅಡಿಟಿಪ್ಪಣಿಯ ಪಕ್ಕದಲ್ಲಿ, ಅಯ್ಯನವರು ಯಾವ ಲಹರಿಯಲ್ಲಿ ಬರೆದರೋ, ಗಿಡ್ಡದೊಂದು ಸಾಲು ಸಿಕ್ಕಿತು: ‘ಹೆಸರು ಹಚ್ಚಿ ಕೊಟ್ಟದ್ದು ದಾಸೋಹವಲ್ಲ, ಅದು ಕೊಟ್ಟವನ ಊಟ.’ ಅಧ್ಯಾಯದ ಅರವತ್ತು ಪುಟ ಈ ಸಾಲಿನ ಸುತ್ತ ಪ್ರದಕ್ಷಿಣೆ ಹಾಕಿದ್ದವು. ಅವನು ಇದನ್ನಷ್ಟೇ ಇಟ್ಟುಕೊಂಡ. ಅದರಲ್ಲೂ ಕೊನೆಯ ಅರ್ಧ ಮಕ್ಕಳಿಗೆ ತೊಡಕಾಗುತ್ತದೆಂದು ಕತ್ತರಿಸಿದ.

ಬರೆದದ್ದನ್ನು ಅಯ್ಯನವರಿಗೆ ಕೊಟ್ಟ. ಅರ್ಧ ಹಾಳೆಯನ್ನು ಅವರು ಹಿಂದೆ ಮುಂದೆ ತಿರುವಿದರು.

“ಇದರಾಗ ನಾ ಎಲ್ಲಿ ಅದೀನೋ?”

ಪರಮೇಶ ಬೆರಳಿಟ್ಟು ತೋರಿಸಬಹುದಿತ್ತು. ಆದರೆ ಕನ್ನಡಕವಿಲ್ಲದ ಆ ಕಣ್ಣು ಹಾಳೆಯ ಮೇಲಿರಲಿಲ್ಲ, ಮಂಚದ ಕೆಳಗಿನ ಕಟ್ಟುಗಳ ಮೇಲಿತ್ತು. “ಇರ್ಲಿ. ಓದು ಉಳಿದ್ರ ಸಾಕು,” ಎಂದು ಅವರು ಹಾಳೆಯನ್ನು ಹಿಂದಕ್ಕೆ ಕೊಟ್ಟರು.

ಕೂಟ ಸೇರುತ್ತಿದ್ದುದು ಮೆಹದಿಪಟ್ಟಣಂನಲ್ಲಿ, ಚಂದ್ರಹಾಸನವರ ಕಟ್ಟಡದ ಮೇಲಂತಸ್ತಿನಲ್ಲಿ. ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಬೀದರಿನಿಂದ ಮೇಸ್ತ್ರಿಯಾಗಿ ಬಂದಿದ್ದ ಚಂದ್ರಹಾಸರೂ ಅವುಗಳ ಜೊತೆಗೇ ಎದ್ದಿದ್ದರು. ಸಭಾಂಗಣ ಅವರದು, ಊಟದ ತಟ್ಟೆಗಳು ಅವರವು. ಅವರ ಕೆಲಸಗಾರರ ಮಕ್ಕಳೂ, ಕಂಪ್ಯೂಟರ್ ಕಂಪನಿಗಳಿಗೆ ಹೋಗುವವರ ಮಕ್ಕಳೂ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಅಷ್ಟರಮಟ್ಟಿಗೆ ಅದು ಒಳ್ಳೆಯ ಜಾಗ.

ಐತವಾರ ಪರಮೇಶ ಮೈಕು ಬಿಟ್ಟು, ಮಕ್ಕಳ ನಡುವೆ ನೆಲದ ಮೇಲೆ ಕೂತ.

“ಎಲ್ಲಾರೂ ಕಣ್ಣು ಮುಚ್ರಿ. ಕೈ ಮುಂದ ಚಾಚ್ರಿ.”

“ಹೊಡೀತೀಯೇನ್ ಕಾಕಾ?” ಎಂದ ನಾಲ್ಕು ವರ್ಷದ ಚನ್ನು. ಅವನ ಅಪ್ಪ ಚಂದ್ರಹಾಸರ ಹತ್ತಿರ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಎಲ್ಲರೂ ನಕ್ಕರು. ಕಣ್ಣು ಮುಚ್ಚಿದರು.

ದೊಡ್ಡ ಹುಡುಗಿಯರಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿತ್ತು. ಹತ್ತನೆಯ ಕ್ಲಾಸಿನ ದಾನೇಶ್ವರಿ ಮತ್ತಿಬ್ಬರು ಬೆಕ್ಕಿನ ಹೆಜ್ಜೆ ಇಟ್ಟು ಒಂದೊಂದು ಅಂಗೈಯಲ್ಲಿ ಒಂದೊಂದು ಚೂರು ಬೆಲ್ಲ ಇಟ್ಟರು, ಮತ್ತೆ ತಮ್ಮ ತಮ್ಮ ಜಾಗದಲ್ಲಿ ಕೂತು ತಾವೂ ಕಣ್ಣು ಮುಚ್ಚಿದರು.

“ತಿನ್ರಿ. ಈಗ ಕಣ್ಣು ತೆಗೀರಿ. ಯಾರು ಕೊಟ್ರು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ದಾನೇಶ್ವರಿ ತುಟಿ ಕಚ್ಚಿ ನಗು ತಡೆದಿದ್ದಳು.

“ಗೊತ್ತಿಲ್ಲ!”

“ಗೊತ್ತಿಲ್ಲಲ್ಲ, ಬೆಲ್ಲ ಸಪ್ಪಗ ಐತೇನು?”

“ಸೀ ಐತಿ!” ಎಂದು ಕೂಗಿದ ಚನ್ನು. “ಇನ್ನೊಂದು ಕೊಡು!”

“ಇದಕ್ಕ ದಾಸೋಹ ಅಂತಾರ. ಹೆಸರು ಹಚ್ಚಿ ಕೊಟ್ಟದ್ದು ದಾಸೋಹ ಅಲ್ಲ.” ಇಷ್ಟು ಹೇಳಿ ಪರಮೇಶ ಎದ್ದುಬಿಟ್ಟ.

ಯಾರೂ ಓಡಲಿಲ್ಲ. ಅಯ್ಯನವರು ಪುಸ್ತಕ ತೆರೆದರು. ಮಕ್ಕಳು ಬೆಲ್ಲದ ಬೆರಳು ಚೀಪುತ್ತ, ಕೊಟ್ಟವರು ಯಾರೆಂದು ಪಿಸುಗುಟ್ಟುತ್ತ ಕೂತೇ ಇದ್ದರು. ತಾಯಂದಿರೂ ಕೂತರು. ಮಲ್ಲಣ್ಣ ದೂರದಿಂದಲೇ ತಲೆಯಾಡಿಸಿದರು. ಓದುತ್ತಿದ್ದ ಅಯ್ಯನವರ ಧ್ವನಿ ಒಂದು ಕಡೆ ಏರಿತು. ಎಷ್ಟೋ ವರ್ಷಗಳಿಂದ ಪರಮೇಶ ಆ ಏರು ಕೇಳಿರಲಿಲ್ಲ.

ಓದಿನ ಬೆನ್ನಿಗೆ ಮಲ್ಲಣ್ಣ ಮೈಕು ಹಿಡಿದು, “ಇಂದಿನ ದಾಸೋಹ, ಶ್ರೀ ಚಂದ್ರಹಾಸ ಅವರಿಂದ, ಅವರ ತಾಯಿ ಲಿಂಗೈಕ್ಯ ಗದಿಗೆಮ್ಮನವರ ಪುಣ್ಯಸ್ಮರಣೆ ನಿಮಿತ್ತ,” ಎಂದರು. ಪ್ರತಿ ವಾರ ಹೀಗೆ ಯಾರದಾದರೂ ಹೆಸರು ಹೇಳುವುದು ಪದ್ಧತಿ. ಎಷ್ಟು ಹಳೆಯ ಪದ್ಧತಿಯೆಂದರೆ ಪರಮೇಶನ ಕಿವಿಗೆ ಅದು ಬೀಳುವುದೇ ನಿಂತಿತ್ತು. ಅಂದು ಬಿತ್ತು.

ಮಕ್ಕಳ ಪಂಕ್ತಿ ಮೊದಲು. ತಟ್ಟೆಗಳು ಬಂದವು. ತಟ್ಟೆಯ ಅಂಚಿನಲ್ಲಿ, ಬೇಗಂಬಜಾರಿನ ಪಾತ್ರೆ ಅಂಗಡಿಯವನು ಮಶೀನಿನಿಂದ ಕೊರೆದ ತೆಲುಗು ಅಕ್ಷರಗಳು. ಕನ್ನಡ ಓದಲು ಬಾರದಿದ್ದರೂ ತೆಲುಗು ಆ ಮಕ್ಕಳಿಗೆ ಶಾಲೆಯಲ್ಲಿ ಬಂದಿತ್ತು.

“ಗದಿಗೆಮ್ಮ. ಚಂದ್ರಹಾಸ,” ಎಂದು ದಾನೇಶ್ವರಿ ಬೆರಳಾಡಿಸಿ ಓದಿದಳು. “ಏ, ಇದರ ಮ್ಯಾಲೆ ಹೆಸರೈತಿ!”

“ಇದರ ಮ್ಯಾಲೂ!”

“ಹಂಗಾರ ಇದು ದಾಸೋಹ ಅಲ್ಲ!”

ಅವಳು ತಟ್ಟೆಯನ್ನು ಬೋರಲು ಹಾಕಿದಳು. ಪಂಕ್ತಿಯುದ್ದಕ್ಕೂ ತಟ್ಟೆಗಳು ಸದ್ದು ಮಾಡುತ್ತ ಬೋರಲಾದವು. ಚನ್ನು ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿ ಎರಡೂ ಕೈ ಚಾಚಿದ. ನೋಡುನೋಡುತ್ತ ಇಡೀ ಸಾಲು ಕಣ್ಣು ಮುಚ್ಚಿ, ಅಂಗೈ ಬಿಚ್ಚಿ, ನಗುತ್ತ ಕೂತಿತು.

ಹುಗ್ಗಿಯ ಬಕೆಟ್ಟು ಹಿಡಿದು ಎದುರಿಗೆ ನಿಂತಿದ್ದವರು ಚಂದ್ರಹಾಸರೇ. ತಾಯಿಯ ದಿನವೆಂದು ತಾವೇ ಬಡಿಸಲು ಸೊಂಟಕ್ಕೆ ಟವೆಲ್ಲು ಬಿಗಿದಿದ್ದರು. ಸೌಟು ಮೇಲೆತ್ತಿದ ಕೈ ಹಾಗೆಯೇ ನಿಂತಿತು.

“ಯಾಕ್ರೀ ಮಲ್ಲಣ್ಣಾರ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದಾಗಿತ್ತು. “ನಮ್ಮವ್ವ ಮಂದಿ ಮನ್ಯಾಗ ಮುಸುರಿ ತಿಕ್ಕಿ ನನ್ನ ಬೆಳಸಿದಾಕಿ. ಆಕಿ ಹೆಸರು ಎಲ್ಲೂ ಇರ್ಲಿಲ್ಲ. ತಾಟಿನ ಮ್ಯಾಲರ ಇರ್ಲಿ ಅಂತ ಹಾಕಸಿದೆ. ಅದೂ ತಪ್ಪೇನ್ರಿ?”

ವಿಜಯಶ್ರೀ ಓಡಿ ಬಂದು ಮಕ್ಕಳ ಕಣ್ಣು ತೆರೆಸಿದಳು, ತಟ್ಟೆಗಳನ್ನು ನೆಟ್ಟಗೆ ಮಾಡಿದಳು. ಚನ್ನುವಿನ ಅಪ್ಪ ಮಗನ ಕೈಗೊಂದು ಪೆಟ್ಟು ಕೊಟ್ಟು ಚಂದ್ರಹಾಸರ ಕಡೆ ನೋಡಿದ. ಹುಡುಗ ಅಳಲಾರಂಭಿಸಿದ.

ಎಲ್ಲರೂ ಪರಮೇಶನನ್ನು ನೋಡುತ್ತಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅಮರಯ್ಯನವರು ಗೋಡೆ ಹಿಡಿದು ಎದ್ದಿದ್ದರು. ಚಂದ್ರಹಾಸರಿಗೆ ಕೈ ಮುಗಿದರು. ಅಯ್ಯನವರಿಗೆ ಉಳಿದವರು ಕೈ ಮುಗಿಯುವುದು ರೂಢಿ. ಅವರೇ ಮುಗಿದದ್ದನ್ನು ಯಾರೂ ಕಂಡಿರಲಿಲ್ಲ.

“ನಮ್ಮ ಪರಮೇಶ ತಪ್ಪು ತಿಳಕೊಂಡಾನ್ರಿ ಸಾವ್ಕಾರ್ರ. ನನ್ನ ಪುಸ್ತಕದಾಗ ಹಂಗ ಎಲ್ಲೂ ಇಲ್ಲ.”

“ಇರ್ಲಿ ಬಿಡ್ರಿ ಅಯ್ಯನವ್ರ. ಕುಂದರ್ರಿ,” ಎಂದು ಚಂದ್ರಹಾಸರು ಬಡಿಸಲು ಬಗ್ಗಿದರು. ಮತ್ತೆ ತಲೆ ಎತ್ತಲಿಲ್ಲ.

ಊಟ ಮುಗಿದು ಜಮಖಾನ ಸುತ್ತುವಾಗ ಮಲ್ಲಣ್ಣ ಪರಮೇಶನ ಹತ್ತಿರ ಬಂದರು. “ಹುಡುಗ್ರು ಕುಂತಿದ್ದಂತೂ ಖರೆ,” ಎಂದರು. “ಆದ್ರೂ ಬರೂ ಐತ್ವಾರದಿಂದ ಭಜನಿ ಇಟ್ಕೊಳ್ಳೂಣು. ಭಜನ್ಯಾಗ ಯಾರಿಗೂ ಏನೂ ತಿಳಿಯಂಗಿಲ್ಲ, ಯಾರಿಗೂ ಬ್ಯಾಸರಿಲ್ಲ. ಅಯ್ಯನವ್ರಿಗೆ ನೀನ ಹೇಳು.”

ಹೇಳುವ ಅಗತ್ಯ ಬೀಳಲಿಲ್ಲ. ಎರಡು ಕಂಬದಾಚೆ ಅಯ್ಯನವರು ಪುಸ್ತಕಕ್ಕೆ ವಸ್ತ್ರ ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದು ಬಂದರು. ಪಟಾನ್‌ಚೆರು ಕಡೆಯ ಬಸ್ಸುಗಳು ಕೂಲಿಯವರನ್ನು ತುಂಬಿಕೊಂಡು ಹೊರಡುತ್ತಿದ್ದವು. ಕಲ್ಲುಬೆಂಚಿನ ಮೇಲೆ ಅಯ್ಯನವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅದನ್ನು ಬಿಚ್ಚಲಿಲ್ಲ.

“ಪರಮೇಶಾ.”

“ರೀ.”

“ಹೆಸರಿನ ಮಾತು. ಹಂಗ ನಾ ಎಲ್ಲೆರ ಬರದೀನೇನೋ?”

ಅವರು ನಿಜವಾಗಿಯೂ ಮರೆತಿದ್ದರೋ, ಮರೆತಿರಲಿ ಎಂದು ಬೇಡುತ್ತಿದ್ದರೋ, ಆ ಮುಖದಿಂದ ತಿಳಿಯುವಂತಿರಲಿಲ್ಲ.

“ಬಸ್ ಬಂತ್ರಿ,” ಎಂದ ಪರಮೇಶ, ಅವರ ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿದ.

ಆ ಮಳೆಗಾಲ ಮುಗಿಯುವ ಮೊದಲೇ ಅಯ್ಯನವರು ಹಾಸಿಗೆ ಹಿಡಿದರು. ಪರಮೇಶ ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಆ ಪ್ರಶ್ನೆಯನ್ನು ಅವರು ಮತ್ತೊಮ್ಮೆ ಕೇಳಲಿಲ್ಲ. ಆ ಸಾಲನ್ನು ನೀವೇ ಬರೆದಿದ್ದೀರಿ ಎಂದು ಅವನು ಅವರಿಗೆ ಕೊನೆಗೂ ಹೇಳಲಿಲ್ಲ.