ಮಗು, ನಾಲ್ಕು ಸೆಕೆಂಡು

ಫೋನೆತ್ತಿದ ಹೊಲಿಗೆಯಕ್ಕ ನನ್ನ ಕ್ಷೇಮ ಕೇಳಲಿಲ್ಲ. "ಆ ಹಳೇ ಟೇಪು ಇದ್ಯಾ ಟೇಪಮ್ಮ?" ಎಂದರು.

ಇಪ್ಪತ್ತೆಂಟು ವರ್ಷದ ಹಿಂದೆ ಅವರೇ ನನಗಿಟ್ಟ ಹೆಸರು ಅದು. ಆಗ ನಾನು ಇನ್ನೂ ಓದುತ್ತಿದ್ದೆ. ಗುರುಗಳ ಜೊತೆ ಟೇಪ್ ರೆಕಾರ್ಡರ್ ಹೊತ್ತು ಅರವತ್ತು ಮನೆ ಹತ್ತಿಳಿದಿದ್ದೆ. ಜನ ಹೇಗೆ ಮಾತಾಡುತ್ತಾರೆ ಎಂದು ದಾಖಲಿಸುವುದೇ ನಮ್ಮ ಕೆಲಸ. ಈಗ ಅದೇ ಜನರನ್ನು ಹುಡುಕಿ, ಅವೇ ಪ್ರಶ್ನೆಗಳನ್ನು ಕೇಳಿ, ಅವರ ಮಾತು ಎಷ್ಟು ಬದಲಾಗಿದೆ ಎಂದು ನೋಡಲು ಹೊರಟಿದ್ದೆ. ಅರವತ್ತರಲ್ಲಿ ಸಿಕ್ಕವರು ಇಪ್ಪತ್ತೆರಡು ಮಂದಿ.

"ಟೇಪು ಇದೆ ಅಕ್ಕ."

"ತನ್ನಿ. ನನ್ನ ಗಿನಿ ಅದ್ರಲ್ಲಿದಾಳೆ. ಹೋಗಿ ಹನ್ನೊಂದು ವರ್ಷ ಆಯ್ತು. ಫೋಟೋ ಬೇಕಾದಷ್ಟಿವೆ, ದನಿ ಇನ್ನೆಲ್ಲೂ ಇಲ್ಲ. ನೀವು ಒಂದಿನ ಬಂದೇ ಬರ್ತೀರಾ ಅಂತ ಕಾದಿದ್ದೆ."

ಗಿಣಿ ಅವರ ಮಗಳು. ಆಗ ಆರು ವರ್ಷದವಳು. ಅರಳು ಹುರಿದ ಹಾಗೆ ಮಾತು, ಅದಕ್ಕೇ ಆ ಹೆಸರು.

ಅಂದೇ ನಮ್ಮ ಭಾಷಾ ವಿಭಾಗದ ಕಪಾಟು ತೆಗೆದು ಟೇಪು ಹಾಕಿದೆ. ಹೊಲಿಗೆಯಕ್ಕನ ದನಿಯಿತ್ತು. ಮಗುವಿನದು ಇರಲಿಲ್ಲ. ಟೇಪಿನ ಜೊತೆಗಿದ್ದ ನೋಟ್ ಪುಸ್ತಕದಲ್ಲಿ ನನ್ನದೇ ಗುಂಡು ಅಕ್ಷರ: "ಮಗು, ಆರು ಸೆಕೆಂಡು, ತೆಗೆದಿದೆ." "ಮಗು, ಒಂಬತ್ತು ಸೆಕೆಂಡು, ತೆಗೆದಿದೆ." ಅಂಥವು ಹನ್ನೊಂದು.

ಆಗ ನಡೆದದ್ದಿಷ್ಟೇ. ಹದಿನೈದು ದಾಟಿದವರನ್ನಷ್ಟೇ ನಮ್ಮ ಪಟ್ಟಿಗೆ ಸೇರಿಸಿದ್ದೆವು. "ಪಟ್ಟಿಯಲ್ಲಿಲ್ಲದವರ ದನಿ ಗದ್ದಲ ಕಣಮ್ಮ, ತೆಗೆದುಬಿಡು" ಎಂದಿದ್ದರು ಗುರುಗಳು. ಮಗು ಮಾತಾಡಿದಲ್ಲೆಲ್ಲ ಗುಂಡಿ ಒತ್ತಿ ನಿಲ್ಲಿಸಿ, ಅಮ್ಮನ ಮಾತನ್ನು ಮಾತ್ರ ಇನ್ನೊಂದು ಟೇಪಿಗೆ ಇಳಿಸಿಕೊಂಡೆ. ಮೂಲ ಟೇಪನ್ನು ಅಳಿಸಿ ಮುಂದಿನ ಮನೆಗೆ ಬಳಸಿದೆವು. ಕೆಲಸ ಚೊಕ್ಕಟವಾಗಿದೆ ಎಂದು ಗುರುಗಳು ಹೊಗಳಿದ್ದರು.

ಅದನ್ನು ಹೇಳಬೇಕೆಂದೇ ಅವರ ಮೆಟ್ಟಿಲು ಹತ್ತಿದೆ.

ಕೋಣೆ ಹಾಗೇ ಇತ್ತು. ಕಿಟಕಿಗೆ ಒತ್ತಿ ಅದೇ ಕಾಲಲ್ಲಿ ತುಳಿಯುವ ಹೊಲಿಗೆ ಮಿಷಿನ್ನು, ಗೋಡೆಯ ಮೊಳೆಗೆ ಅಳತೆ ಟೇಪು, ನೆಲದ ತುಂಬ ಬಟ್ಟೆಯ ಚೂರು. ಹೊಲಿಗೆಯಕ್ಕನಿಗೆ ಅರವತ್ತೆರಡು. ನನ್ನನ್ನು ಕಂಡವರೇ ಚಕ್ರದ ಮೇಲೆ ಅಂಗೈ ಇಟ್ಟು ಮಿಷಿನ್ನು ನಿಲ್ಲಿಸಿದರು.

"ನೆನಪಿದೆ ನೋಡಿ. ಸದ್ದಾಗ್ಬಾರ್ದು ನಿಮ್ಗೆ. ಕೂದ್ಲೆಲ್ಲ ಬೆಳ್ಳಗಾಗಿದ್ಯಲ್ಲ ಟೇಪಮ್ಮ! ಊರೋರ ಮಾತು ತೂಗಿ ತೂಗಿನಾ? ತಂದ್ರಾ?"

"ತಂದಿದೀನಿ. ಮೊದ್ಲು ನಿಮ್ಮ ಮಾತು ಮುಗಿಸೋಣ ಅಕ್ಕ."

ಅಷ್ಟು ಹೇಡಿಯಾಗಿದ್ದೆ. ಹೇಡಿತನದೊಳಗೆ ಒಂದಿಷ್ಟು ಆಸೆಯೂ ಇತ್ತು. ಫೋನಿನಲ್ಲಿ ಅವರು "ಗಿನಿ" ಎಂದದ್ದು ನನ್ನ ಕಿವಿಯಲ್ಲೇ ಉಳಿದಿತ್ತು.

ನಮ್ಮ ಕಡೆ ಕಣ್ಣು, ಹಣ್ಣು, ಬಣ್ಣದ ಣಕಾರಕ್ಕೆ ಹಿರಿಯರು ನಾಲಿಗೆಯನ್ನು ಹಿಂದಕ್ಕೆ ಮಡಿಸುತ್ತಿದ್ದರು. ಕಿರಿಯರು ಮಡಿಸುವುದು ಕಡಿಮೆ. ಕನ್ನು, ಹನ್ನು ಎನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಭಾಷೆ ಬದಲಾಗುತ್ತಿದೆ ಎನ್ನಲಾಗದು. ಅದು ಹುಡುಗಾಟದ ವಯಸ್ಸಿನ ಮಾತಿರಬಹುದು, ದೊಡ್ಡವರಾದ ಮೇಲೆ ಅವರೂ ಹಳೆಯ ದಾರಿಗೆ ಬರಬಹುದು. ಅದಕ್ಕೇ ವರ್ಷಗಳ ನಂತರ ಅದೇ ಬಾಗಿಲು ತಟ್ಟಬೇಕು. ಈ ಸಲ ಕೇಳಿದಾಗ ಅಂದಿನ ಕಿರಿಯರು ಹಳೆಯ ಉಚ್ಚಾರಕ್ಕೆ ಹಿಂದಿರುಗಿರಲಿಲ್ಲ. ಅಂದೇ ನಡುವಯಸ್ಸು ಮುಟ್ಟಿದ್ದವರು ಬಹುತೇಕ ಇದ್ದಲ್ಲೇ ಇದ್ದರು. ಇಪ್ಪತ್ತು ದಾಟಿದ ಮೇಲೆ ಮಾತು ಗಾರೆಯಂತೆ, ಗಟ್ಟಿಯಾಗುತ್ತದೆ, ಅಲುಗಿದರೂ ಕೂದಲೆಳೆಯಷ್ಟು. ಹೊಲಿಗೆಯಕ್ಕ ಮಾತ್ರ ಬೇರೆ ಕೇಳಿಸುತ್ತಿದ್ದರು.

ಪದಗಳ ಪಟ್ಟಿ ಕೊಟ್ಟೆ. ಕನ್ನಡಕ ಏರಿಸಿ ಓದಿದರು: ಕಣ್ಣು, ಬೆಣ್ಣೆ, ಬಾಣ, ಗಿಣಿ. ಒಂದೊಂದೂ ಖಣಖಣ. ಓದುವಾಗ ಯಾರಿಗಾದರೂ ನಾಲಿಗೆಯ ಮೇಲೆ ಎಚ್ಚರವಿರುತ್ತದೆ. ಎಚ್ಚರ ತಪ್ಪಿಸಲೆಂದೇ ನಮ್ಮಲ್ಲೊಂದು ಪ್ರಶ್ನೆಯಿದೆ. ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಹಾಳೆಯಲ್ಲಿ ಇದ್ದಂತೆ ಕೇಳಿದೆ.

"ಇನ್ನು ಮುಗೀತು, ಉಳಿಯಲ್ಲ ಅಂತ ಅನ್ನಿಸಿದ್ದು ಯಾವಾಗಾದ್ರೂ ಇದ್ಯಾ ಅಕ್ಕ?"

ಅಂದು ಇದೇ ಪ್ರಶ್ನೆಗೆ, ಬಾವಿಗೆ ಬಿದ್ದ ಕೊಡ ತೆಗೆಯಲು ಹೋಗಿ ತಾವೇ ಬಿದ್ದದ್ದನ್ನು ಹೊಟ್ಟೆ ಹಿಡಿದು ನಗುತ್ತ ಹೇಳಿದ್ದರು. ಇಂದು ಮಿಷಿನ್ನಿನ ಸೂಜಿಯನ್ನೇ ನೋಡುತ್ತ ಮಗಳ ಕಡೆಯ ವಾರವನ್ನು ಹೇಳಿದರು. ಇಪ್ಪತ್ಮೂರು ವರ್ಷ. ಬಿಡದ ಜ್ವರ. "ಕನ್ನು ಬಿಟ್ಟು ನೋಡಿದ್ಲು. ಹನ್ನು ಬಿಡಿಸ್ಕೊಡ್ಲಾ ಅಂದೆ. ಆಮೇಲೆ ಅಮ್ಮ ಅಂದ್ಲು. ಅಷ್ಟೇ ಟೇಪಮ್ಮ, ಮತ್ತೇನೂ ಅನ್ಲಿಲ್ಲ."

ನನ್ನ ಕಣ್ಣು ತುಂಬಿತ್ತು. ಕೈ ಮಾತ್ರ ಹಾಳೆಯಂಚಿನಲ್ಲಿ ಗೀಟು ಹಾಕುತ್ತಿತ್ತು. ಒಂದು ನ, ಇನ್ನೊಂದು ನ. ಅಂದು ನೂರು ಣಕಾರಕ್ಕೆ ಮೂರು ಇದ್ದದ್ದು ಇಂದು ಅರವತ್ತರ ಮೇಲೆ.

"ನಿಮ್ಮ ಮಾತು ಬದ್ಲಾಗಿದೆ ಅಕ್ಕ" ಎಂದೆ, ಬೇರೆ ಏನೂ ತೋಚದೆ.

"ಬದ್ಲಾಗದೆ ಏನು? ಅವ್ಳೂ ನಾನೂ ಹಗಲೆಲ್ಲ ಇದೇ ಮಿಷಿನ್ ಮುಂದೆ. ಅವ್ಳು ಬಾಯಿ ಮುಚ್ಚಿದ್ರೆ ತಾನೆ ನನ್ನ ಮಾತು ನನಗಿರೋದು!" ನಕ್ಕರು. ನಗು ಅರ್ಧಕ್ಕೇ ನಿಂತಿತು. "ಚಿಕ್ಕೋಳಿದ್ದಾಗ ನಾನೇ ತಿದ್ದಿ ತಿದ್ದಿ ಹೇಳ್ಕೊಡ್ತಿದ್ದೆ. ಈಗ ಹಳೇ ಥರ ಮಾತಾಡಿದ್ರೆ ಅವ್ಳನ್ನ ಮನೆಯಿಂದ ಆಚೆ ಹಾಕ್ದಂಗೆ ಆಗತ್ತೆ. ಸರಿ, ಹಾಕಿ ಟೇಪು."

ಆಗ ಹೇಳಿದೆ. ನಾನೇ ಕತ್ತರಿಸಿದ್ದು, ಮೂಲ ಉಳಿದಿಲ್ಲ, ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಅವರು ಬೈಯಲಿಲ್ಲ. ಮಡಿಲಲ್ಲಿದ್ದ ರವಿಕೆಯ ತೋಳನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಬಟ್ಟೆ ಕತ್ತರಿಸೋಳು ನಾನು. ಚೂರನ್ನೂ ಎಸೆಯಲ್ಲ" ಎಂದರು ಕೊನೆಗೆ. "ಇರೋದನ್ನೇ ಹಾಕಿ."

ಹಾಕಿದೆ. ಮೂವತ್ನಾಲ್ಕರ ಹೊಲಿಗೆಯಕ್ಕ ಮಾತಾಡಿದರು: "ಅದು ಟೇಪು ಕಂದ, ಮುಟ್ಟಬೇಡ." ಇವರು ನಿಲ್ಲಿಸಲು ಕೈ ತೋರಿಸಿದರು. ಗಾಳಿಯನ್ನು ದಿಟ್ಟಿಸಿ, ತೆಳ್ಳನೆಯ ದನಿಯಲ್ಲಿ, "ಅಮ್ಮ, ಈ ಪೆಟ್ಟಿಗೆ ಒಳಗೆ ಯಾರಿದಾರೆ?" ಎಂದರು. ನನ್ನತ್ತ ತಿರುಗಿ, "ಹಾಗಂತ ಕೇಳಿದ್ಲು. ಅದಕ್ಕೇ ನಾನು ಹಾಗಂದಿದ್ದು."

ಮುಂದೆ ಹೋದೆವು. "ಗುಂಡಿ ಡಬ್ಬ ತಗೋ, ಚೆಲ್ಲಬೇಡ" ಎಂದಿತು ಟೇಪು. "ಬನ್ನದ ಗುಂಡಿ ಬೇಕು" ಎಂದರು ಇವರು. "ಗಿಣಿ ಅನ್ನು, ಗಿನಿ ಅಲ್ಲ" ಎಂದಿತು ಟೇಪು. "ನನ್ನ ಹೆಸ್ರೂ ಹೇಳ್ಲಾ? ಗಿನಿ!" ಎಂದರು. ಹೀಗೆ ಒಂದೊಂದೇ ತೇಪೆ ಹಾಕುತ್ತ ಹೋದರು. ಹತ್ತು ಕಡೆ ಎಲ್ಲೂ ತಡೆಯಲಿಲ್ಲ. ಮುಖದಲ್ಲಿ ಬೆಳಕು ಬಂದಿತ್ತು.

ಹನ್ನೊಂದನೆಯದು ಬಂತು. ಟೇಪಿನಲ್ಲಿ ಅವರ ದನಿ ಬಹಳ ಮೆತ್ತಗಿತ್ತು: "ಹೂಂ ಕಂದ. ಯಾವಾಗ್ಲೂ."

ಹೊಲಿಗೆಯಕ್ಕ ಬಾಯಿ ತೆರೆದರು. ಏನೂ ಬರಲಿಲ್ಲ.

"ಇನ್ನೊಂದ್ಸಲ ಹಾಕಿ."

"ಹೂಂ ಕಂದ. ಯಾವಾಗ್ಲೂ."

"ಏನ್ ಕೇಳಿದ್ಲು?" ತಮ್ಮಷ್ಟಕ್ಕೇ ಗೊಣಗಿದರು. ಆಮೇಲೆ ನನ್ನ ಮೊಣಕೈ ಹಿಡಿದರು. "ಟೇಪಮ್ಮ, ನೀವಿದ್ರಲ್ಲ. ಇಲ್ಲೇ ಕೂತಿದ್ರಿ. ಆಮೇಲೆ ಮತ್ತೆ ಕೇಳಿ ಕತ್ತರಿಸಿದೀರಾ. ನೀವು ಎರಡು ಸಲ ಕೇಳಿದೀರಾ. ಏನ್ ಕೇಳಿದ್ಲು ನನ್ನ ಮಗು?"

ಕಣ್ಣು ಮುಚ್ಚಿ ಹುಡುಕಿದೆ. ಆ ದಿನದ ಬೆಳಕು ಬಂತು, ಕುರ್ಚಿ ಬಂತು, ಮಗುವಿನ ಬರಿಗಾಲು ಬಂತು. ಮಾತು ಬರಲಿಲ್ಲ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯುವಷ್ಟನ್ನು ಮಾತ್ರ ನಾನು ಕೇಳಿಸಿಕೊಂಡಿದ್ದೆ. ನೋಟ್ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಏರಿಸಿ ಬಗ್ಗಿದರು, ಪದಪಟ್ಟಿ ಓದಿದಷ್ಟೇ ಎಚ್ಚರದಿಂದ ಓದಿದರು.

"ಮಗು, ನಾಲ್ಕು ಸೆಕೆಂಡು, ತೆಗೆದಿದೆ."

ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.