ಗೋಡೆಯ ಪರದೆಯ ಮೇಲೆ ನನ್ನ ಅಂಗೈ

ಬಾಚಣಿಗೆಗಳ ಹಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿ ಬಿಸಿ ಸೋಪುನೀರಿಗೆ ಹಾಕುತ್ತಿದ್ದೆ. ನಮ್ಮ ಪಾರ್ಲರಿನಲ್ಲಿ ಮಾತಾಡದೆ ಮಾಡುವ ಕೆಲಸ ಅದೊಂದೇ. ಅದಕ್ಕೇ ನನಗದು ಇಷ್ಟ.

ಟೀಚರಮ್ಮ ಬಂದು ಕುರ್ಚಿಯಲ್ಲಿ ಕೂತರು. ತಲೆ ತೊಳೆದು, ಎಡಗಡೆಯ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿ, ಬಲಗಡೆಗೆ ಕೈ ಹಾಕಿದ್ದೆ.

“ಅಯ್ಯೋ, ಇದ್ಯಾವ ಹೇರ್‌ಸ್ಟೈಲೇ?” ಎಂದು ನಕ್ಕಳು ರೇಡಿಯೋ. ಜೊತೆಗೆ ಕೆಲಸ ಮಾಡುವವಳು. ಬಾಯಿಗೆ ಸ್ವಿಚ್ಚಿಲ್ಲವೆಂದು ಅವಳಿಗೆ ಆ ಹೆಸರು.

ತಲೆಯೆತ್ತಿದೆ. ಗಿರಾಕಿಗಳು ನೋಡಲೆಂದು ಗೋಡೆಗೆ ಹಾಕಿರುವ ದೊಡ್ಡ ಪರದೆಯಲ್ಲಿ ನನ್ನ ಅಂಗೈ ಇತ್ತು. ಅಂಗೈ ಮೇಲೆ ಮಾತ್ರೆಯ ಪಟ್ಟಿ. ಆಮೇಲೊಂದು ಗುಂಗುರು ಕೂದಲಿನ ತಲೆ. ಮತ್ತೆ ಅದೇ ಅಂಗೈ. ಅದರ ಹಿಂದೆಯೇ ಡಾಕ್ಟರ ಚೀಟಿ. ಮೇಲೆ ನನ್ನ ಹೆಸರು, ಕೆಳಗೆ ಕಾಯಿಲೆಯ ಹೆಸರು, ಗೋಡೆಯಷ್ಟು ಅಗಲ.

ಬೆಳಿಗ್ಗೆ ಮಾತ್ರೆ ನುಂಗಿದ ಕೂಡಲೇ ಪಟ್ಟಿಯ ಫೋಟೋ ತೆಗೆಯುವುದು ನನ್ನ ಅಭ್ಯಾಸ. ತಗೊಂಡೆನೋ ಇಲ್ಲವೋ ಎಂಬ ಅನುಮಾನ ಬಂದರೆ ಫೋನ್ ನೋಡಿಕೊಳ್ಳುತ್ತೇನೆ. ಕಳೆದುಹೋದರೂ ಇರಲೆಂದು ಚೀಟಿಯದ್ದೂ ಒಂದು ಫೋಟೋ ತೆಗೆದಿಟ್ಟಿದ್ದೆ. ನನ್ನ ಕಾಯಿಲೆ ಅಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸಂಗತಿ.

“ಇದು ಫಿಟ್ಸ್ ಮಾತ್ರೆ ಅಲ್ವಾ? ನಮ್ಮ ಭಾವ ತಗೋತಾರೆ,” ಎಂದಳು ರೇಡಿಯೋ. ಅವಳ ಫೋನ್ ಪರದೆಯ ಕಡೆಗೆ ಎದ್ದಿತ್ತು. ಕ್ಲಿಕ್ ಎಂದಿತು.

ಪಾರ್ಲರಿನ ಒಡತಿ ಅಕ್ಕ ಗಲ್ಲಾಪೆಟ್ಟಿಗೆ ಬಿಟ್ಟು ಬಂದರು. “ಕತ್ತರಿ ಕೆಳಗಿಡು.”

“ಯಾಕಕ್ಕ?”

“ಯಾಕೆ ಅಂತ ಬೇರೆ ಕೇಳ್ತೀಯಾ? ಗಿರಾಕಿ ಕುತ್ತಿಗೆ ಹತ್ರ ಕತ್ತರಿ ಹಿಡ್ಕೊಂಡು ಬಿದ್ರೆ? ಇಷ್ಟು ದಿನ ಮುಚ್ಚಿಟ್ಟಿದ್ದೀಯಲ್ಲ! ನಾಳೆಯಿಂದ ಕಸ ಗುಡಿಸು, ಟವೆಲ್ ಒಗಿ. ಕುರ್ಚಿ ಹತ್ರ ಬರಬೇಡ.”

ಆ ಕುರ್ಚಿಗಾಗಿ ಎಷ್ಟು ಕಾಲ ಟವೆಲ್ ಒಗೆದಿದ್ದೆನೆಂದು ನನಗೆ ಗೊತ್ತು. ಸಾಮಾನ್ಯವಾಗಿ ಅಕ್ಕ ಗದರಿದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅವತ್ತು ಅಂಟಲಿಲ್ಲ.

“ಇಡಲ್ಲ. ಎರಡು ವರ್ಷದಿಂದ ಒಂದ್ಸಲವೂ ಫಿಟ್ಸ್ ಬಂದಿಲ್ಲ. ಈ ಕೆಲಸ ಮಾಡಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ಅದಿರಲಿ, ನನ್ನ ಫೋಟೋ ಗೋಡೆಗೆ ಹೇಗೆ ಬಂತು, ಅದನ್ನ ಹೇಳಿ.”

“ನನ್ನ ಕೇಳಿದ್ರೆ? ನಿನ್ನ ಫೋನು!”

“ಫೋನು ನಂದು, ಅಕೌಂಟು ನಿಮ್ದು.”

ಹೇಳುತ್ತಿದ್ದಂತೆ ನನಗೇ ಎಲ್ಲ ಬಿಡಿಸಿಕೊಂಡಿತು. ಕೂದಲು ಕತ್ತರಿಸಿದ ತಲೆಗಳ ಫೋಟೋ ತಾನಾಗಿಯೇ ಅಂಗಡಿಗೆ ಬರಲೆಂದು ಅಕ್ಕ ನನ್ನ ಫೋನಿನಲ್ಲಿ ಪಾರ್ಲರಿನ ಅಕೌಂಟ್ ಹಾಕಿ, ಬ್ಯಾಕಪ್ ಆನ್ ಮಾಡಿಸಿದ್ದರು. ಯಾವುದು ತಲೆ, ಯಾವುದು ಮಾತ್ರೆ ಎಂದು ಬ್ಯಾಕಪ್ ಕೇಳುವುದಿಲ್ಲ. ಕ್ಯಾಮೆರಾ ತೆಗೆದದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಇಷ್ಟು ದಿನ ಪರದೆಯಲ್ಲಿ ಹೇರ್‌ಸ್ಟೈಲ್ ಆಲ್ಬಂ ಮಾತ್ರ ಓಡುತ್ತಿತ್ತು. ಅವೇ ಹಳೇ ತಲೆಗಳು ಬೇಜಾರೆಂದು ಅಕ್ಕ ಅವತ್ತು ಬೆಳಿಗ್ಗೆ ‘ಎಲ್ಲ ಫೋಟೋಗಳು’ ಒತ್ತಿದ್ದರು.

“ಮುಚ್ಚಿಟ್ಟೆ ಅಂತೀರಲ್ಲ. ನೀವು ಅಕೌಂಟ್ ಹಾಕಿದ ದಿನದಿಂದ ನನ್ನ ಮಾತ್ರೆಗಳು ನಿಮ್ಮ ಹತ್ರಾನೇ ಇದಾವೆ. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಕತ್ತರಿಯನ್ನು ಎಡಗೈಗೆ ಬದಲಿಸಿ ಫೋನ್ ತೆಗೆದೆ. ಮೊದಲು ಬ್ಯಾಕಪ್ ನಿಲ್ಲಿಸಿದೆ. ಅಕೌಂಟನ್ನು ಸುಮ್ಮನೆ ಕಿತ್ತುಹಾಕಿದರೆ ಫೋಟೋಗಳು ಅಲ್ಲಿಯೇ ಉಳಿದು, ನನ್ನ ಕೈಗೆ ಮಾತ್ರ ಸಿಗದೆ ಹೋಗುತ್ತವೆ. ಆದ್ದರಿಂದ ಒಳಗೆ ಹೋಗಿ ಅಂಗೈ, ಚೀಟಿ ಎಲ್ಲವನ್ನೂ ಆರಿಸಿ ಅಳಿಸಿದೆ. ಅಳಿಸಿದ್ದು ಕಸದಬುಟ್ಟಿಗೆ ಹೋಗಿ ಕೂತಿತ್ತು. ಅಲ್ಲಿಂದ ಯಾರು ಬೇಕಾದರೂ ವಾಪಸ್ ತರಬಹುದು. ಅಲ್ಲಿಯೂ ಹುಡುಕಿ ತೆಗೆದೆ. ಕೊನೆಗೆ ಅಕೌಂಟ್ ತೆಗೆದುಹಾಕಿದೆ.

“ಅಂಗಡಿ ಅಕೌಂಟ್ ಮುಟ್ಟೋಕೆ ನೀನ್ಯಾರೇ?”

“ನಂದನ್ನಷ್ಟೇ ತಗೊಂಡೆ. ನಿಮ್ಮ ತಲೆಗಳೆಲ್ಲ ಹಾಗೇ ಇವೆ.”

ಕನ್ನಡಿಯಲ್ಲಿ ಟೀಚರಮ್ಮ ತಮ್ಮ ಕೂದಲನ್ನೇ ನೋಡುತ್ತಿದ್ದರು. ಕುತ್ತಿಗೆ ಸ್ವಲ್ಪ ಒಳಕ್ಕೆ ಎಳೆದುಕೊಂಡಿದ್ದರು. ಅದೂ ನನಗೆ ಕಾಣಿಸಿತು.

“ಏನ್ ಮಾಡ್ಲಿ ಮೇಡಂ?”

“ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ಹೀಗೇ ಕ್ಲಾಸಿಗೆ ಹೋದ್ರೆ ಮಕ್ಕಳು ಬಿಡ್ತಾರಾ?” ಎಂದರು. ತಡೆದು, “ಮುಗಿಸಮ್ಮ,” ಎಂದರು.

ಬಲಗಡೆಯನ್ನೂ ಭುಜಕ್ಕೆ ತಂದೆ. ಎರಡೂ ಕಡೆ ಸಮ ಇದೆಯೇ ಎಂದು ಬಾಚಿ ನೋಡಿದೆ. ಅಕ್ಕ ಪಕ್ಕದಲ್ಲೇ ನಿಂತಿದ್ದರೂ ಕತ್ತರಿ ಕಿತ್ತುಕೊಳ್ಳಲಿಲ್ಲ.

ಆಗ ಗಲ್ಲಾಪೆಟ್ಟಿಗೆಯ ಮೇಲಿದ್ದ ಅಕ್ಕನ ಫೋನ್ ಟಿಂಗ್ ಎಂದಿತು. ನನ್ನದೂ ಎಂದಿತು. ಬೀದಿಯ ಅಂಗಡಿಯವರೆಲ್ಲ ಇರುವ ಗುಂಪಿಗೆ ಒಂದು ಫೋಟೋ ಬಂದಿತ್ತು. ಗೋಡೆ, ಪರದೆ, ಪರದೆಯಲ್ಲಿ ನನ್ನ ಚೀಟಿ. ಕೆಳಗೆ ರೇಡಿಯೋ ಬರೆದಿದ್ದಳು: ‘ಪಾಪ, ನಮ್ಮ ಹುಡುಗಿ.’ ಆಗಲೇ ಹೊಲಿಗೆ ಅಂಗಡಿಯವರು ಅಳುವ ಮುಖ ಹಾಕಿದ್ದರು.

ಇದನ್ನು ಅಳಿಸಲು ನನ್ನ ಫೋನಿನಲ್ಲಿ ಒತ್ತುವ ಗುಂಡಿ ಇರಲಿಲ್ಲ. ಕತ್ತರಿ ಒರೆಸಿ, ಕುರ್ಚಿಯ ಹಿಂದೆಯೇ ನಿಂತು ಅವಳ ಕಡೆ ತಿರುಗಿದೆ.

“ನನಗೆ ಪಾಪ ಬೇಡ. ಕಳಿಸಿದವಳು ನೀನು, ಎಲ್ಲರ ಫೋನಿಂದ ತೆಗೆಯೋಕೆ ನಿನಗೆ ಆಗುತ್ತೆ. ಕ್ಯಾಮೆರಾದಲ್ಲಿರೋದನ್ನೂ ಅಳಿಸು. ಈಗಲೇ, ನನ್ನೆದುರಿಗೇ ಅಳಿಸು.”

ರೇಡಿಯೋ ಫೋನನ್ನು ಏಪ್ರನ್ ಜೇಬಿಗೆ ಹಾಕಿ ಪೊರಕೆ ಎತ್ತಿಕೊಂಡಳು. ಅಕ್ಕ ಗಲ್ಲಾಪೆಟ್ಟಿಗೆಯ ಕಡೆ ನಡೆದರು. ಟೀಚರಮ್ಮ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದರು.

“ಅಳಿಸು,” ಎಂದೆ.